ಪೋಷಕರು ಹೆಚ್ಚಾಗಿ ಕೇಳುವ ಪ್ರಶ್ನೆಗಳು: 8, 9 ಮತ್ತು 10ನೇ ತರಗತಿ ಗಣಿತ–ವಿಜ್ಞಾನ ಟ್ಯೂಷನ್

ಆತ್ಮೀಯ ಪೋಷಕರೇ,

ನೀವು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಒಂದೆಡೆ ಉತ್ತರ ನೀಡಿದ್ದೇವೆ. ವೇಳೆ, ರಜೆ ಮತ್ತು ಮಕ್ಕಳನ್ನು ಕರೆದೊಯ್ಯುವ ವಿಷಯ ಮೊದಲ ಭಾಗದಲ್ಲಿದೆ. ಶುಲ್ಕದ ವಿಷಯ ಎರಡನೆಯದರಲ್ಲಿ, ಮನೆಪಾಠ ಮತ್ತು ಅಂಕಗಳ ವಿಷಯ ಮೂರನೆಯದರಲ್ಲಿ, ಹೊಸ ಪ್ರವೇಶ ಹಾಗೂ ಉಳಿದ ಸಂಗತಿಗಳು ನಾಲ್ಕನೆಯದರಲ್ಲಿವೆ. ಬಿಡುವಿದ್ದಾಗ ಮೂರನೆಯ ಭಾಗವನ್ನು ಪೂರ್ತಿಯಾಗಿ ಓದಬೇಕೆಂದು ಕೋರುತ್ತೇವೆ, ಏಕೆಂದರೆ ನಿಮ್ಮ ನೆರವು ನಮಗೆ ಹೆಚ್ಚು ಬೇಕಾಗಿರುವುದು ಅಲ್ಲಿಯೇ.

ಭಾಗ 1: ವೇಳೆ, ರಜೆ, ಸುರಕ್ಷತೆ

ಈ ದಿನ ತರಗತಿ ಇದೆಯೇ?
ಮಧ್ಯಾಹ್ನ 3 ಗಂಟೆಯೊಳಗೆ ರಜೆಯ ಸಂದೇಶ ಬಾರದಿದ್ದರೆ ತರಗತಿ ಇದೆ ಎಂದೇ ತಿಳಿಯಿರಿ. ತರಗತಿ ಇದೆ ಎಂದು ಪ್ರತ್ಯೇಕವಾಗಿ ತಿಳಿಸುವುದಿಲ್ಲ.

ಯಾವ ತರಗತಿ ಯಾವಾಗ ನಡೆಯುತ್ತದೆ?
8ನೇ ತರಗತಿಯವರಿಗೆ ಸೋಮವಾರ ಮತ್ತು ಬುಧವಾರ ಸಂಜೆ 5ರಿಂದ 6.15ರವರೆಗೆ, 9ನೇ ತರಗತಿಯವರಿಗೆ ಮಂಗಳವಾರ ಮತ್ತು ಗುರುವಾರ ಅದೇ ವೇಳೆಯಲ್ಲಿ, 10ನೇ ತರಗತಿಯವರಿಗೆ ಸೋಮವಾರದಿಂದ ಗುರುವಾರದವರೆಗೆ ಸಂಜೆ 6.30ರಿಂದ 7.45ರವರೆಗೆ ಪಾಠ ನಡೆಯುತ್ತದೆ. ಶುಕ್ರವಾರ 5ರಿಂದ 7ರವರೆಗೆ ಮೂರೂ ತರಗತಿಗಳಿಗೆ ಸಂದೇಹ ಪರಿಹಾರದ ಅವಧಿ ಇರುತ್ತದೆ. ಅದಕ್ಕೆ ಹಾಜರಾತಿ ಕಡ್ಡಾಯವಲ್ಲ. ಶನಿವಾರ 4ರಿಂದ 5ರವರೆಗೆ ವಾರದ ಕಿರು ಪರೀಕ್ಷೆ, ಭಾನುವಾರ ರಜೆ.

ಮಗ ಅಥವಾ ಮಗಳು ಬರಲಾಗದಿದ್ದರೆ ಏನು ಮಾಡಬೇಕು?
ಸಂಜೆ 4 ಗಂಟೆಯೊಳಗೆ ಹೆಸರು ಮತ್ತು ತರಗತಿಯನ್ನು ಬರೆದು ಕಚೇರಿಯ ಸಂಖ್ಯೆಗೆ ಸಂದೇಶ ಕಳುಹಿಸಿದರೆ ಸಾಕು, ಕಾರಣವನ್ನು ವಿವರಿಸಬೇಕಾಗಿಲ್ಲ. ಸಂಖ್ಯೆಯು ಪ್ರವೇಶ ಕಾರ್ಡಿನ ಹಿಂಬದಿಯಲ್ಲಿದೆ. ತಪ್ಪಿಹೋದ ಪಾಠದ ಟಿಪ್ಪಣಿಯನ್ನು ಸಹಪಾಠಿಯಿಂದ ಬರೆದುಕೊಂಡು ಶುಕ್ರವಾರ ಬಂದರೆ, ಅರ್ಥವಾಗದ ಭಾಗವನ್ನು ನಾವು ಹೇಳಿಕೊಡುತ್ತೇವೆ. ಅನಾರೋಗ್ಯದಿಂದ ಒಂದು ವಾರಕ್ಕಿಂತ ಹೆಚ್ಚು ದಿನ ತಪ್ಪಿದವರಿಗೆ ಮಾತ್ರ ಪ್ರತ್ಯೇಕ ಅವಧಿ ನೀಡುತ್ತೇವೆ.

ಮಕ್ಕಳು ತಲುಪಿದ್ದಾರೆಂದು ತಿಳಿಯುವುದು ಹೇಗೆ?
ಪಾಠ ಆರಂಭವಾದ 10 ನಿಮಿಷದೊಳಗೆ ಹಾಜರಾತಿ ತೆಗೆದುಕೊಳ್ಳುತ್ತೇವೆ. ಮುಂಚಿತವಾಗಿ ತಿಳಿಸದೆ ಯಾರಾದರೂ ಗೈರುಹಾಜರಾಗಿದ್ದರೆ ನಾವೇ ನಿಮಗೆ ಕರೆ ಮಾಡುತ್ತೇವೆ. ಆ ಕರೆಯನ್ನು ದಯವಿಟ್ಟು ತಪ್ಪದೆ ಸ್ವೀಕರಿಸಿ. ಇಬ್ಬರಲ್ಲಿ ಯಾರೂ ಸಿಗದಿದ್ದರೆ ಪ್ರವೇಶ ಪತ್ರದಲ್ಲಿ ನೀವು ಬರೆದಿರುವ ಮೂರನೆಯ ಸಂಖ್ಯೆಗೆ ಕರೆ ಹೋಗುತ್ತದೆ.

ಬೇರೆಯವರು ಕರೆದೊಯ್ಯಲು ಬರಬಹುದೇ?
ಪ್ರವೇಶ ಪತ್ರದಲ್ಲಿ ಹೆಸರಿರುವವರು ಬರಬಹುದು. ಹೊಸಬರು ಬರುವುದಾದರೆ ಆ ದಿನವೇ, ನಿಮ್ಮ ನೋಂದಾಯಿತ ಸಂಖ್ಯೆಯಿಂದಲೇ ತಿಳಿಸಬೇಕು. ಬಂದವರು ಎಷ್ಟೇ ಪರಿಚಿತರಂತೆ ಮಾತನಾಡಿದರೂ ಸಂದೇಶವಿಲ್ಲದೆ ನಾವು ಯಾರನ್ನೂ ಕಳುಹಿಸಿಕೊಡುವುದಿಲ್ಲ, ಇದರಿಂದ ಬಂಧುಗಳಿಗೆ ಬೇಸರವಾದರೂ ಈ ನಿಯಮವನ್ನು ಸಡಿಲಿಸಲಾರೆವು. ರಾತ್ರಿ 7.45ಕ್ಕೆ ಬಿಡುವ 10ನೇ ತರಗತಿಯವರು ಒಬ್ಬರೇ ಮನೆಗೆ ಹೋಗುವುದಾದರೆ ಪೋಷಕರ ಲಿಖಿತ ಒಪ್ಪಿಗೆ ಬೇಕು.

ಭಾಗ 2: ಶುಲ್ಕ

ಶುಲ್ಕವನ್ನು ಯಾವಾಗ ಕಟ್ಟಬೇಕು?
ಪ್ರತಿ ತಿಂಗಳ 10ನೇ ತಾರೀಖಿನೊಳಗೆ ಕಚೇರಿಯಲ್ಲಿ ಕಟ್ಟಿ ರಸೀದಿ ಪಡೆಯಿರಿ. ಇಡೀ ವರ್ಷದ ಶುಲ್ಕವನ್ನು ನಾವು ಒಟ್ಟಿಗೆ ತೆಗೆದುಕೊಳ್ಳುವುದಿಲ್ಲ.

ನಡುವೆ ಬಿಡುವುದಾದರೆ?
25ನೇ ತಾರೀಖಿನೊಳಗೆ ತಿಳಿಸಿದರೆ ಮುಂದಿನ ತಿಂಗಳ ಶುಲ್ಕ ಕಟ್ಟಬೇಕಾಗಿಲ್ಲ. ಅನಾರೋಗ್ಯದಿಂದ ಸತತ 15 ದಿನ ಬಾರದಿದ್ದರೆ ಆ ತಿಂಗಳಿಗೆ ಅರ್ಧ ಶುಲ್ಕ ಮಾತ್ರ.

ಈ ತಿಂಗಳು ಕಟ್ಟಲು ಕಷ್ಟವಾಗುತ್ತಿದೆ, ಯಾರಿಗೆ ಹೇಳಬೇಕು?
ಈ ಟ್ಯೂಷನ್ ನಡೆಸುವ ನನಗೆ ನೇರವಾಗಿ ಹೇಳಿ, ಕಂತಿನ ಏರ್ಪಾಡು ಮಾಡೋಣ. ಶುಲ್ಕದ ಬಾಕಿಯ ಬಗ್ಗೆ ತರಗತಿಯಲ್ಲಿ ಮಕ್ಕಳ ಮುಂದೆ ಒಂದು ಮಾತನ್ನೂ ಆಡುವುದಿಲ್ಲ, ಮಕ್ಕಳ ಕೈಯಲ್ಲಿ ಚೀಟಿಯನ್ನೂ ಕಳುಹಿಸುವುದಿಲ್ಲ.

ಭಾಗ 3: ಪಾಠ, ಮನೆಪಾಠ, ಅಂಕಗಳು

ಶಾಲೆಗಿಂತ ಮುಂದಿನ ಪಾಠವನ್ನು ಏಕೆ ಮಾಡುವುದಿಲ್ಲ?
ಶಾಲೆಯಲ್ಲಿ ಅಧ್ಯಾಯ ಆರಂಭವಾದ ನಂತರವೇ ನಾವು ಅದನ್ನು ಕೈಗೆತ್ತಿಕೊಳ್ಳುತ್ತೇವೆ. ಇಲ್ಲಿ ಮೊದಲೇ ಕೇಳಿದ ಮಕ್ಕಳು ಶಾಲೆಯಲ್ಲಿ ಅದೇ ಪಾಠ ನಡೆಯುವಾಗ ‘ಇದು ಗೊತ್ತಿದೆ’ ಎಂದು ಗಮನ ಬಿಡುತ್ತಾರೆ. ಶಾಲೆಯಲ್ಲಿ ಕೇಳಿ, ಅರ್ಥವಾಗದ್ದನ್ನು ಗುರುತಿಸಿಕೊಂಡು ಇಲ್ಲಿಗೆ ಬಂದರೆ ನಮ್ಮ ಸಮಯವೂ ಅವರ ಸಮಯವೂ ಸರಿಯಾದ ಜಾಗದಲ್ಲಿ ಖರ್ಚಾಗುತ್ತದೆ.

ಮನೆಪಾಠ ಎಷ್ಟಿರುತ್ತದೆ?
ಪ್ರತಿ ಪಾಠಕ್ಕೆ 6ರಿಂದ 8 ಲೆಕ್ಕಗಳಿರುತ್ತವೆ, ಸುಮಾರು 40 ನಿಮಿಷದ ಕೆಲಸ. ಅಷ್ಟರೊಳಗೆ ಮುಗಿಯದಿದ್ದರೆ ಅಲ್ಲಿಗೆ ಒಂದು ಗೆರೆ ಎಳೆದು ನಿಲ್ಲಿಸಲಿ. ನಿದ್ದೆಗೆಟ್ಟು ಮುಗಿಸಿದ ಪುಟಕ್ಕಿಂತ ಎಲ್ಲಿ ನಿಂತಿತು ಎಂದು ತೋರಿಸುವ ಆ ಗೆರೆ ನಮಗೆ ಹೆಚ್ಚು ಉಪಯುಕ್ತ.

ಮನೆಪಾಠದಲ್ಲಿ ನಾವು ಸಹಾಯ ಮಾಡಬಹುದೇ?
ಪಕ್ಕದಲ್ಲಿ ಕುಳಿತುಕೊಳ್ಳಿ, ಕೇಳಿ, ಪ್ರೋತ್ಸಾಹಿಸಿ. ಆದರೆ ತಪ್ಪನ್ನು ಅಳಿಸಿ ಸರಿಯುತ್ತರ ಬರೆಸಬೇಡಿ ಎಂಬುದು ನಮ್ಮ ಕಳಕಳಿಯ ವಿನಂತಿ.

ಒಂದು ಉದಾಹರಣೆಯನ್ನು ನೋಡಿ. 8 ಮತ್ತು 9ನೇ ತರಗತಿಯ ಪುಸ್ತಕಗಳಲ್ಲಿ ನಾವು ಪದೇ ಪದೇ ಕಾಣುವ ತಪ್ಪೆಂದರೆ (a + b)² = a² + b² ಎಂದು ಬರೆಯುವುದು. ಮನೆಯಲ್ಲಿ ಯಾರಾದರೂ ಅದನ್ನು ಅಳಿಸಿ a² + 2ab + b² ಎಂದು ಬರೆಸಿದರೆ ನಮ್ಮ ಮೇಜಿಗೆ ಬರುವ ಪುಟ ಅಚ್ಚುಕಟ್ಟಾಗಿರುತ್ತದೆ, ನಾವು ಮುಂದಿನ ಪಾಠಕ್ಕೆ ಹೋಗುತ್ತೇವೆ, ಆ ತಪ್ಪು ತಿಳಿವಳಿಕೆ ಮಾತ್ರ ಮಗುವಿನ ತಲೆಯಲ್ಲಿ ಹಾಗೆಯೇ ಉಳಿದು ಪರೀಕ್ಷೆಯ ದಿನ ಹೊರಬರುತ್ತದೆ. ಅಳಿಸುವ ಬದಲು ‘a ಜಾಗದಲ್ಲಿ 2, b ಜಾಗದಲ್ಲಿ 3 ಇಟ್ಟು ನೋಡು’ ಎಂದಷ್ಟೇ ಹೇಳಿ. ಎಡಗಡೆ 5ರ ವರ್ಗ, ಅಂದರೆ 25 ಬರುತ್ತದೆ. ಬಲಗಡೆ 4 + 9, ಅಂದರೆ 13 ಬರುತ್ತದೆ. ಎರಡೂ ಸಮವಲ್ಲ ಎಂದು ಮಗು ತಾನೇ ಕಂಡುಕೊಳ್ಳುತ್ತದೆ. ಕಡಿಮೆಯಾದ ಆ 12 ಎಲ್ಲಿ ಹೋಯಿತು ಎಂಬ ಪ್ರಶ್ನೆಯೊಂದಿಗೆ ತರಗತಿಗೆ ಬಂದರೆ, 5 ಸೆಂಟಿಮೀಟರ್ ಬದಿಯ ಚೌಕವನ್ನು ಬರೆದು, ಪ್ರತಿ ಬದಿಯನ್ನೂ 2 ಮತ್ತು 3 ಎಂದು ಭಾಗಿಸಿ, ಎರಡು ಚೌಕಗಳ ಜೊತೆಗೆ ತಲಾ 6 ಚದರ ಸೆಂಟಿಮೀಟರಿನ ಎರಡು ಆಯತಗಳು ಉಳಿಯುವುದನ್ನು ತೋರಿಸುತ್ತೇವೆ. 2ab ಎಂದರೆ ಆ ಎರಡು ಆಯತಗಳೇ. ಹೀಗೆ ಒಮ್ಮೆ ಕಣ್ಣಾರೆ ಕಂಡ ಸೂತ್ರವನ್ನು ಬಾಯಿಪಾಠ ಮಾಡುವ ಅಗತ್ಯ ಬಹುಮಟ್ಟಿಗೆ ಇರುವುದಿಲ್ಲ.

ನಿಮಗೆ ಗಣಿತ ಬಾರದಿದ್ದರೂ ಚಿಂತೆಯಿಲ್ಲ. ‘ಈ ಸಾಲಿನಿಂದ ಆ ಸಾಲು ಹೇಗೆ ಬಂತು, ನನಗೆ ಹೇಳಿಕೊಡು’ ಎಂದು ಕೇಳಿದರೆ ಸಾಕು. ವಿವರಿಸುತ್ತ ಹೋದಂತೆ ಎಲ್ಲಿ ತಡವರಿಸುತ್ತಾರೆಂಬುದು ಅವರಿಗೇ ತಿಳಿಯುತ್ತದೆ.

ಕಳೆದ ವಾರ ಕಲಿತದ್ದು ಈ ವಾರ ಮರೆತುಹೋಗಿದೆ, ಏನು ಮಾಡುವುದು?
ಮರೆವು ಸಹಜ, ಅದು ಸೋಮಾರಿತನದ ಗುರುತಲ್ಲ. ಪುಸ್ತಕವನ್ನು ತೆರೆದಿಟ್ಟುಕೊಂಡು ಮತ್ತೆ ಮತ್ತೆ ಓದಿದರೆ ಎಲ್ಲವೂ ಗೊತ್ತಿದೆಯೆಂಬ ಭಾವನೆ ಹುಟ್ಟುತ್ತದೆ, ಆದರೆ ಪುಸ್ತಕ ಮುಚ್ಚಿ ನೆನಪಿನಿಂದ ಬರೆದಾಗಲೇ ಕಲಿತದ್ದು ಗಟ್ಟಿಯಾಗುವುದು. ಒಂದೇ ರಾತ್ರಿ ಮೂರು ಗಂಟೆ ಓದುವುದಕ್ಕಿಂತ ಅದೇ ಮೂರು ಗಂಟೆಯನ್ನು ನಾಲ್ಕೈದು ದಿನಗಳಿಗೆ ಹಂಚಿದರೆ ಪಾಠ ಹೆಚ್ಚು ಕಾಲ ನಿಲ್ಲುತ್ತದೆ. ಈ ಕಾರಣದಿಂದಲೇ ಪ್ರತಿ ಶನಿವಾರದ ಪರೀಕ್ಷೆಯಲ್ಲಿ ಹಿಂದಿನ ತಿಂಗಳುಗಳ ಪಾಠದಿಂದ ಮೂರು ಪ್ರಶ್ನೆಗಳನ್ನು ಸೇರಿಸುತ್ತೇವೆ. ‘ಮುಗಿದ ಪಾಠವನ್ನೇಕೆ ಕೇಳುತ್ತೀರಿ’ ಎಂದು ಮಕ್ಕಳು ದೂರಿದರೆ ದಯವಿಟ್ಟು ಈ ಕಾರಣವನ್ನು ತಿಳಿಸಿ ಹೇಳಿ.

ಅಂಕ ಕಡಿಮೆ ಬಂದಿದೆ. ನಾವು ಏನನ್ನು ಗಮನಿಸಬೇಕು?
ಒಟ್ಟು ಅಂಕಕ್ಕಿಂತ ಮೊದಲು ಉತ್ತರ ಪತ್ರಿಕೆಯ ಅಂಚನ್ನು ನೋಡಿ. ಅಂಕ ಕಳೆದ ಪ್ರತಿಯೊಂದು ಜಾಗದಲ್ಲಿಯೂ ನಾವು ಒಂದು ಅಕ್ಷರವನ್ನು ಬರೆದಿರುತ್ತೇವೆ. ‘ಅ’ ಎಂದಿದ್ದರೆ ವಿಷಯವೇ ಅರ್ಥವಾಗಿಲ್ಲ, ‘ಲೆ’ ಎಂದಿದ್ದರೆ ದಾರಿ ಸರಿಯಿದ್ದು ಲೆಕ್ಕ ತಪ್ಪಿದೆ, ‘ಓ’ ಎಂದಿದ್ದರೆ ಪ್ರಶ್ನೆಯನ್ನು ಸರಿಯಾಗಿ ಓದಿಲ್ಲ ಎಂದರ್ಥ. 12 ವೋಲ್ಟ್ ಮತ್ತು 4 ಓಮ್ ಕೊಟ್ಟು ವಿದ್ಯುತ್ ಪ್ರವಾಹವನ್ನು ಕೇಳಿದಾಗ 12ನ್ನು 4ರಿಂದ ಗುಣಿಸಿದವರಿಗೆ ‘ಅ’ ಸಿಗುತ್ತದೆ, ಭಾಗಿಸಲು ಹೊರಟು 3 ಆಂಪಿಯರ್ ಬದಲು 4 ಎಂದು ಬರೆದವರಿಗೆ ‘ಲೆ’ ಸಿಗುತ್ತದೆ. ಇಬ್ಬರಿಗೂ ಒಂದೇ ಅಂಕ ಹೋಗಿರಬಹುದು, ಆದರೆ ಬೇಕಾದ ನೆರವು ಬೇರೆ ಬೇರೆ. ‘ಅ’ಗಳು ಹೆಚ್ಚಿದ್ದರೆ ಶುಕ್ರವಾರದ ಅವಧಿಗೆ ತಪ್ಪದೆ ಕಳುಹಿಸಿ. ‘ಲೆ’ ಮತ್ತು ‘ಓ’ ಹೆಚ್ಚಿದ್ದರೆ ನಿಧಾನವಾಗಿ ಬರೆಯುವ ಮತ್ತು ಕೊನೆಯ ಐದು ನಿಮಿಷ ಮರುಪರಿಶೀಲಿಸುವ ಅಭ್ಯಾಸ ಬೇಕು.

ಯಾರು ಮೊದಲು, ಯಾರು ಕೊನೆ ಎಂಬ ಪಟ್ಟಿಯನ್ನು ನಾವು ಪ್ರಕಟಿಸುವುದಿಲ್ಲ. ಬೇರೆ ಮಕ್ಕಳ ಅಂಕಗಳನ್ನು ಕೇಳಿದರೂ ಹೇಳುವುದಿಲ್ಲ.

ಇಂತಿಷ್ಟು ಅಂಕ ಬರುತ್ತದೆಂದು ಭರವಸೆ ಕೊಡುತ್ತೀರಾ?
ಇಲ್ಲ. ಹಿಂದಿನ ತರಗತಿಗಳ ಬುನಾದಿ, ಮನೆಯ ಅಭ್ಯಾಸ, ಆರೋಗ್ಯ ಇವೆಲ್ಲವೂ ಅಂಕದ ಮೇಲೆ ಪರಿಣಾಮ ಬೀರುವುದರಿಂದ ಯಾವುದೇ ಪ್ರಾಮಾಣಿಕ ಶಿಕ್ಷಕರು ಅಂಥ ಮಾತು ಕೊಡಲಾರರು. ಪ್ರತಿ ಪುಟವನ್ನೂ ಓದಿ ತಿದ್ದುತ್ತೇವೆ ಎಂಬ ಭರವಸೆಯನ್ನು ಕೊಡುತ್ತೇವೆ.

ಮಕ್ಕಳನ್ನು ಹೊಡೆದು ಬಡಿದು ಓದಿಸುತ್ತೀರಾ?
ಯಾವ ಕಾರಣಕ್ಕೂ ಹೊಡೆಯುವುದಿಲ್ಲ, ಎಲ್ಲರೆದುರು ಹೀಯಾಳಿಸುವುದೂ ಇಲ್ಲ. ‘ಎರಡೇಟು ಹಾಕಿ, ಪರವಾಗಿಲ್ಲ’ ಎಂದು ಕೆಲವರು ಪ್ರೀತಿಯಿಂದಲೇ ಹೇಳುತ್ತಾರೆ, ಆದರೆ ಹೆದರಿದ ಮಗು ಸಂದೇಹ ಕೇಳುವುದನ್ನೇ ನಿಲ್ಲಿಸುತ್ತದೆ, ಸಂದೇಹ ಕೇಳದ ಮಗುವಿಗೆ ಕಲಿಸಲು ನಮಗೆ ದಾರಿಯೇ ಇರುವುದಿಲ್ಲ. ಯಾವುದೇ ಶಿಕ್ಷಕರ ಮಾತಿನಿಂದ ನಿಮ್ಮ ಮಗುವಿಗೆ ನೋವಾಗಿದ್ದರೆ ಅದೇ ದಿನ ನನಗೆ ತಿಳಿಸಿ.

ಭಾಗ 4: ಪ್ರವೇಶ ಮತ್ತು ಇತರ ವಿಷಯಗಳು

ವರ್ಷದ ನಡುವೆ ಸೇರಬಹುದೇ?
8 ಮತ್ತು 9ನೇ ತರಗತಿಗೆ ಜಾಗವಿದ್ದರೆ ಯಾವಾಗ ಬೇಕಾದರೂ ಸೇರಬಹುದು. 10ನೇ ತರಗತಿಗೆ ಅರ್ಧವಾರ್ಷಿಕ ಪರೀಕ್ಷೆಯ ನಂತರ ಸೇರಿಸಿಕೊಳ್ಳುವುದಿಲ್ಲ. ಒಂದು ಗುಂಪಿನಲ್ಲಿ 18 ಮಕ್ಕಳಿಗಿಂತ ಹೆಚ್ಚು ಇರುವುದಿಲ್ಲ. ಸೇರುವ ಮೊದಲು ಅರ್ಧ ಗಂಟೆಯ ಒಂದು ಬರಹದ ಅಭ್ಯಾಸ ಕೊಡುತ್ತೇವೆ. ಇದರಲ್ಲಿ ಪಾಸು, ಫೇಲು ಎಂಬುದಿಲ್ಲ. ಭಿನ್ನರಾಶಿ, ಋಣ ಸಂಖ್ಯೆಗಳಂಥ ಹಿಂದಿನ ಪಾಠಗಳಲ್ಲಿ ಎಲ್ಲಿಂದ ಆರಂಭಿಸಬೇಕೆಂದು ತಿಳಿಯುವುದಕ್ಕಷ್ಟೇ ಅದು. ಹೊಸದಾಗಿ ಸೇರಿದವರ ಮೊದಲ ಎರಡು ಪಾಠಗಳಿಗೆ ಶುಲ್ಕವಿಲ್ಲ.

ನಮ್ಮ ಮಗುವಿಗೆ ನಿಜವಾಗಿಯೂ ಟ್ಯೂಷನ್ ಬೇಕೇ?
ಶಾಲೆಯ ಪಾಠ ಅರ್ಥವಾಗಿ, ಸ್ವಂತವಾಗಿ ಲೆಕ್ಕ ಬಿಡಿಸುವ ಮಕ್ಕಳಿಗೆ ಬೇಕಾಗಿಲ್ಲ. ಅಭ್ಯಾಸದ ಪುಟಗಳನ್ನು ನೋಡಿದ ಮೇಲೆ ಹಾಗನ್ನಿಸಿದರೆ ನಾವೇ ಹೇಳುತ್ತೇವೆ. ಅಂಥವರ ಸಂಜೆಗಳು ಆಟಕ್ಕೂ ಓದಿಗೂ ಬಿಡುವಾಗಿರುವುದೇ ಒಳ್ಳೆಯದು.

ಮೊಬೈಲ್ ತರಬಹುದೇ?
ತರಬಹುದು. ಪಾಠ ಮುಗಿಯುವವರೆಗೆ ಅದು ಕಚೇರಿಯ ಪೆಟ್ಟಿಗೆಯಲ್ಲಿರುತ್ತದೆ.

ಶಿಕ್ಷಕರನ್ನು ಯಾವಾಗ ಭೇಟಿಯಾಗಬಹುದು?
ಪ್ರತಿ ತಿಂಗಳ ಮೊದಲ ಶನಿವಾರ 5.15ರಿಂದ 6.30ರವರೆಗೆ ಭೇಟಿಯಾಗಬಹುದು. ಒಬ್ಬರಿಗೆ 15 ನಿಮಿಷದಂತೆ ವೇಳೆ ಕೊಡುವುದರಿಂದ ಗುರುವಾರದೊಳಗೆ ಹೆಸರು ಬರೆಸಿ. ಪಾಠದ ವೇಳೆಯಲ್ಲಿ ಶಿಕ್ಷಕರು ಫೋನ್ ಎತ್ತುವುದಿಲ್ಲ, ತುರ್ತಿದ್ದರೆ ಕಚೇರಿಗೆ ಕರೆ ಮಾಡಿ. ಭೇಟಿಗೆ ಮಗುವನ್ನೂ ಕರೆತನ್ನಿ. ತನ್ನ ಓದಿನ ಬಗ್ಗೆ ದೊಡ್ಡವರು ಆಡುವ ಮಾತನ್ನು ಕೇಳುವ ಮತ್ತು ಅದಕ್ಕೆ ಉತ್ತರಿಸುವ ಹಕ್ಕು ಮಗುವಿಗಿದೆ.

ಇಲ್ಲಿರುವ ನಿಯಮ ಅಥವಾ ವೇಳೆ ಬದಲಾದರೆ ತಿಳಿಯುವುದು ಹೇಗೆ?
ಬದಲಾದ ಸಾಲನ್ನು ಇಲ್ಲಿಯೇ ತಿದ್ದಿ, ಅದರ ಮುಂದೆ ತಿದ್ದಿದ ತಾರೀಖನ್ನು ಬರೆಯುತ್ತೇವೆ. ಶುಲ್ಕ ಅಥವಾ ವೇಳೆಯಲ್ಲಿ ಬದಲಾವಣೆ ಇದ್ದರೆ ಕನಿಷ್ಠ 15 ದಿನ ಮೊದಲು ಪ್ರತಿ ಪೋಷಕರಿಗೂ ಪ್ರತ್ಯೇಕ ಸಂದೇಶ ಬರುತ್ತದೆ.