ಮಳೆ ಬಂತು, ಪುಸ್ತಕದ ಬೀರು ತೆಗೆದಿರಾ?

*ಶನಿವಾರ 13ಕ್ಕೆ ಬೈಂಡರ್ ಸಾಹೇಬರು ನಮ್ಮ ಅಂಗಡಿಯಲ್ಲಿ. ಹರಿದ ಪುಸ್ತಕ ತನ್ನಿ.*

ಗಾಂಧಿ ಬಜಾರಿನ ನಿಮ್ಮ ಪುಸ್ತಕದಂಗಡಿ
ಸೆಪ್ಟೆಂಬರ್ 2025

ನಮಸ್ಕಾರ,

ಬೆಂಗಳೂರಿಗೆ ವರ್ಷದಲ್ಲಿ ಜಾಸ್ತಿ ಮಳೆ ಸುರಿಯುವುದು ಸೆಪ್ಟೆಂಬರಿನಲ್ಲೇ. ಅದಕ್ಕೆ ಈ ತಿಂಗಳ ಪತ್ರದಲ್ಲಿ ಹೊಸ ಪುಸ್ತಕಗಳ ಪಟ್ಟಿ ಇಲ್ಲ. ನಿಮ್ಮ ಮನೆಯಲ್ಲಿ ಆಗಲೇ ಇರುವ ಪುಸ್ತಕಗಳ ಬಗ್ಗೆ ಮಾತಾಡೋಣ.

---

ಮುಗ್ಗಲು ವಾಸನೆ ಬಂದರೆ ಏನು ಮಾಡಬೇಕು?

ಇವತ್ತು ಸಂಜೆ ಒಂದು ಕೆಲಸ ಮಾಡಿ. ಹೊರಗೋಡೆಗೆ ಅಂಟಿಕೊಂಡಿರುವ ಬೀರು ಯಾವುದಿದೆ ನೋಡಿ. ಅದರ ಕೆಳಗಿನ ಅರೆಯಿಂದ, ಹಿಂದಿನ ಸಾಲಿನ ಒಂದು ಪುಸ್ತಕ ತೆಗೆದು ಮೂಸಿ ನೋಡಿ. ಮುಗ್ಗಲು ವಾಸನೆ ಬಂದರೆ ಅಲ್ಲಿ ತೇವ ಸೇರಿದೆ ಎಂದರ್ಥ.

ಗಾಳಿಯಲ್ಲಿ ತೇವಾಂಶ ಶೇ. 65 ದಾಟಿ ಹಾಗೇ ನಿಂತರೆ ಕಾಗದಕ್ಕೆ ಬೂಷ್ಟು ಹಿಡಿಯುವುದು ಶುರು. ಮಳೆಗಾಲದಲ್ಲಿ ನಮ್ಮೂರಿನಲ್ಲಿ ಅಷ್ಟು ತೇವ ಸಾಮಾನ್ಯ. ಮುಚ್ಚಿದ ಗಾಜಿನ ಬೀರಿನಲ್ಲಿ ಗಾಳಿಯೂ ಆಡುವುದಿಲ್ಲ. ಹಾಗಾಗಿ ಮೊದಲ ಔಷಧಿ ಗಾಳಿಯೇ. ಮಳೆ ಇಲ್ಲದ ಹೊತ್ತು ನೋಡಿ ಬಾಗಿಲು ತೆಗೆದಿಡಿ, ಫ್ಯಾನ್ ಹಾಕಿ. ಬೀರನ್ನು ಗೋಡೆಯಿಂದ ನಾಲ್ಕು ಬೆರಳು ಮುಂದಕ್ಕೆ ಎಳೆಯಿರಿ. ಪುಸ್ತಕಗಳನ್ನು ಗಿಡಿಯಬೇಡಿ. ಒಂದನ್ನು ತೆಗೆದರೆ ಪಕ್ಕದ್ದು ಸ್ವಲ್ಪ ವಾಲಬೇಕು, ಅಷ್ಟು ಜಾಗ ಇರಲಿ.

ಬಿಸಿಲಿಗೆ ಇಡಬೇಡಿ. ಮೆಂತ್ಯ, ಹಪ್ಪಳ ಒಣಗಿಸಿದ ಹಾಗೆ ತಾರಸಿ ಮೇಲೆ ಪುಸ್ತಕ ಹರಡುವವರು ಬಹಳ ಮಂದಿ ಇದ್ದಾರೆ. ಅಗ್ಗದ ಕಾಗದದಲ್ಲಿ ಮರದ ಲಿಗ್ನಿನ್ ಎಂಬ ಅಂಶ ಉಳಿದಿರುತ್ತದೆ. ಬಿಸಿಲು ತಾಗಿದರೆ ಅದು ಬೇಗ ಹಳದಿಯಾಗಿ, ಹಾಳೆ ಪುಡಿಪುಡಿ ಆಗುತ್ತದೆ. ನೆರಳು, ಗಾಳಿ ಎರಡೇ ಸಾಕು.

ಬೂಷ್ಟು ಕಂಡರೆ ಒದ್ದೆ ಬಟ್ಟೆ ಮುಟ್ಟಿಸಬೇಡಿ. ಒರೆಸಿದಷ್ಟೂ ಅದು ಕಾಗದದ ಒಳಕ್ಕೆ ಇಳಿಯುತ್ತದೆ. ಪುಸ್ತಕವನ್ನು ಮೊದಲು ಪೂರ್ತಿ ಒಣಗಿಸಿ. ಆಮೇಲೆ ಬಾಲ್ಕನಿಗೆ ತಂದು, ಮಾಸ್ಕ್ ಹಾಕಿಕೊಂಡು, ಮೆತ್ತನೆಯ ಒಣ ಬ್ರಶ್‌ನಿಂದ ಬೆನ್ನಿನ ಕಡೆಯಿಂದ ಹೊರಗಿನ ಅಂಚಿಗೆ ತಳ್ಳಿ. ಆಸ್ತಮಾ ಇರುವವರು ಈ ಕೆಲಸವನ್ನು ಮನೆಯಲ್ಲಿ ಬೇರೆಯವರಿಗೆ ಬಿಡಿ.

ಇನ್ನು ಹುಳ. ಬೆಳ್ಳಿ ಬಣ್ಣದ, ರೆಕ್ಕೆ ಇಲ್ಲದ, ಲೈಟ್ ಹಾಕಿದ ಕೂಡಲೇ ಸಂದಿಗೆ ನುಗ್ಗುವ ಸಿಲ್ವರ್‌ಫಿಶ್ ನೋಡಿರುತ್ತೀರಿ. ಅದಕ್ಕೆ ಬೇಕಾದದ್ದು ಗಂಜಿ, ಅಂದರೆ ಬೈಂಡಿಂಗ್ ಅಂಟು ಮತ್ತು ಬಟ್ಟೆ ಹೊದಿಕೆಯಲ್ಲಿರುವ ಪಿಷ್ಟ. ಬೆನ್ನಿನ ಬಳಿ ಕೆರೆದ ಗುರುತು ಕಂಡರೆ ಅದು ಬಂದು ಹೋಗಿದೆ. ಒಣಗಿದ ಬೇವಿನ ಎಲೆ ಇಡುವ ಪದ್ಧತಿ ಇದೆ, ಇಡಿ. ಹಸಿ ಎಲೆ ಮಾತ್ರ ಬೇಡ, ಅದೇ ತೇವ ತರುತ್ತದೆ. ನುಸಿಗುಳಿಗೆ ಹುಳವನ್ನು ದೂರ ಇಡಬಹುದು, ಆದರೆ ಅದರ ಆವಿ ಒಳ್ಳೆಯದಲ್ಲ. ಮಗು ಮಲಗುವ ಕೋಣೆಯಲ್ಲಿ ಖಂಡಿತ ಬೇಡ.

ಕಿಟಕಿಯಿಂದ ನೀರು ಹೊಡೆದು ಪುಸ್ತಕ ನೆನೆದೇ ಹೋಯಿತು ಅನ್ನಿ. ಗಾಬರಿ ಬೇಡ, ಆದರೆ ತಡವೂ ಬೇಡ. ಎರಡು ದಿನದೊಳಗೆ ಬೂಷ್ಟು ಶುರುವಾಗಬಹುದು. ಹಾಳೆಗಳನ್ನು ಎಳೆದು ಬಿಡಿಸಬೇಡಿ, ಒದ್ದೆ ಕಾಗದಕ್ಕೆ ಶಕ್ತಿ ಇರುವುದಿಲ್ಲ. ನೀರು ಬಸಿದ ಮೇಲೆ ಪುಸ್ತಕವನ್ನು ನಿಲ್ಲಿಸಿ, ಹಾಳೆ ಸ್ವಲ್ಪ ಬಿಚ್ಚಿಕೊಳ್ಳಲಿ, ಅಲ್ಲಲ್ಲಿ ಬಿಳಿ ಟಿಶ್ಯೂ ಇಟ್ಟು ಆಗಾಗ ಬದಲಿಸಿ. ನ್ಯೂಸ್‌ಪೇಪರ್ ಬೇಡ, ಶಾಯಿ ಅಂಟುತ್ತದೆ. ಬಹಳ ಪುಸ್ತಕ ನೆನೆದಿದ್ದರೆ ಒಂದೊಂದನ್ನೇ ಪ್ಲಾಸ್ಟಿಕ್ ಕವರಿಗೆ ಹಾಕಿ ಫ್ರೀಜರಿನಲ್ಲಿಡಿ. ಬೂಷ್ಟು ಅಲ್ಲೇ ನಿಲ್ಲುತ್ತದೆ. ಬಿಡುವಾದಾಗ ಒಂದೊಂದಾಗಿ ಒಣಗಿಸಬಹುದು. ನುಣುಪು ಕಾಗದದ ಚಿತ್ರಪುಸ್ತಕಗಳನ್ನು ಮೊದಲು ಫ್ರೀಜರಿಗೆ ಸೇರಿಸಿ, ಅವು ಮುಚ್ಚಿದ ಹಾಗೇ ಒಣಗಿದರೆ ಹಾಳೆಗೆ ಹಾಳೆ ಅಂಟಿ ಗಟ್ಟಿಯಾಗಿಬಿಡುತ್ತವೆ.

---

ಸಾಹೇಬರು ಬರುತ್ತಿದ್ದಾರೆ

*ಚಿತ್ರ: ಸೂಜಿ, ದಾರ, ಮೂಳೆಯ ಪಟ್ಟಿ. ಬೆನ್ನು ಬಿಚ್ಚಿದ ಒಂದು ಹಳೆಯ ನಿಘಂಟು.*

ಅವೆನ್ಯೂ ರಸ್ತೆಯ ಓಣಿಯೊಂದರಲ್ಲಿ ದಶಕಗಳ ಕಾಲ ಬೈಂಡಿಂಗ್ ಮಾಡಿದ ಹಿರಿಯರು ಇವರು. ಇವರ ಕೈಕೆಲಸ ನೋಡುವುದೇ ಒಂದು ಪಾಠ. ಸಡಿಲಾದ ಪುಸ್ತಕವನ್ನು ಬಿಚ್ಚಿ ಫಾರಂ ಫಾರಂ ಆಗಿ, ಅಂದರೆ ಮಡಿಚಿದ ಹಾಳೆಗಳ ಕಂತೆ ಕಂತೆಯಾಗಿ ಬೇರ್ಪಡಿಸುತ್ತಾರೆ. ಹಳೆಯ ಅಂಟನ್ನು ಉಜ್ಜಿ ತೆಗೆಯುತ್ತಾರೆ. ಮತ್ತೆ ಸೂಜಿಯಿಂದ ಹೊಲಿದು, ಬೆನ್ನಿಗೆ ಬಟ್ಟೆ ಹಚ್ಚಿ, ರಟ್ಟು ಹೊದಿಸುತ್ತಾರೆ. ಮೈದಾ ಅಂಟನ್ನು ಅಲ್ಲೇ ಕಾಯಿಸಿ, ಹುಳ ಹತ್ತಬಾರದೆಂದು ಚಿಟಿಕೆ ಮೈಲುತುತ್ತ ಸೇರಿಸುತ್ತಾರೆ. ಆಗ ಅಂಟಿನ ಬಣ್ಣ ತುಸು ನೀಲಿಗೆ ತಿರುಗುತ್ತದೆ. ಅದು ವಿಷ, ಮಕ್ಕಳು ಮುಟ್ಟದ ಹಾಗೆ ನೋಡಿಕೊಳ್ಳುತ್ತೇವೆ.

"ಟೇಪ್ ಒಂದು ಹಾಕಬೇಡಿ ಸ್ವಾಮಿ" ಎನ್ನುವುದು ಅವರ ಒಂದೇ ಬೇಡಿಕೆ. ಪಾರದರ್ಶಕ ಟೇಪ್ ವರ್ಷ ಕಳೆದ ಹಾಗೆ ಹಳದಿಯಾಗಿ, ಅಂಟು ಕಾಗದಕ್ಕೆ ಇಳಿದು ಕಲೆ ಬಿಡುತ್ತದೆ. ಕಿತ್ತರೆ ಅಕ್ಷರವೂ ಜೊತೆಗೆ ಬರುತ್ತದೆ. ಹರಿದ ಪುಟ ಹಾಗೇ ಇರಲಿ, ಒಂದು ಕವರಿನಲ್ಲಿ ಹಾಕಿ ತನ್ನಿ.

ಅಜ್ಜಿ ದಿನಾ ಓದುತ್ತಿದ್ದ ಭಾರತ, ಅಮ್ಮನ ಅಡುಗೆ ಪುಸ್ತಕ, ಮಕ್ಕಳು ಓದಿ ಓದಿ ಬೆನ್ನು ಮುರಿದ ಕಥೆ ಪುಸ್ತಕ, ಯಾವುದಾದರೂ ಸರಿ. ಇಂಥ ಪುಸ್ತಕಗಳು ಅಂಗಡಿಯಲ್ಲಿ ಮತ್ತೆ ಸಿಗುವುದಿಲ್ಲ. ಪುಟದ ಅಂಚಿನಲ್ಲಿ ಬರೆದಿಟ್ಟ ಅಕ್ಷರ ಯಾವ ಹೊಸ ಮುದ್ರಣದಲ್ಲೂ ಇರುವುದಿಲ್ಲ, ಅಲ್ವಾ? ಅದಕ್ಕೇ ನಾವು ಸಾಹೇಬರನ್ನು ಕರೆದಿರುವುದು.

ಶನಿವಾರ, ಸೆಪ್ಟೆಂಬರ್ 13
ಬೆಳಿಗ್ಗೆ 10ರಿಂದ ಸಂಜೆ 5
ಹೊಲಿಗೆ, ಹೊಸ ರಟ್ಟು: 250 ರೂ.
ಬೆನ್ನಿನ ದುರಸ್ತಿ ಮಾತ್ರ: 120 ರೂ.
ಪುಟ ಬಿಟ್ಟಿದ್ದರೆ ನೋಡಿ ಹೇಳುತ್ತಾರೆ.

ಪುಸ್ತಕ ಅವತ್ತೇ ಕೈಗೆ ಸಿಗುವುದಿಲ್ಲ. ಅಂಟು ಒಣಗಬೇಕು, ಮಳೆಗಾಲದಲ್ಲಿ ಇನ್ನೂ ನಿಧಾನ. ಮುಂದಿನ ಶನಿವಾರ ಬಂದು ತೆಗೆದುಕೊಳ್ಳಿ. ಒಂದು ಮನೆಗೆ ಎರಡೇ ಪುಸ್ತಕ, ದಯವಿಟ್ಟು. ಎಲ್ಲರಿಗೂ ಸಿಗಲಿ.

[ ನನ್ನ ಪುಸ್ತಕಕ್ಕೆ ಸಮಯ ಕಾದಿರಿಸಿ ]

ಫೋನಿನಲ್ಲಿ ಒತ್ತಿದರೆ ಹೆಸರು, ಸಮಯ ಎರಡನ್ನೇ ಕೇಳುತ್ತದೆ. ಒತ್ತಲು ಬಾರದ ಹಿರಿಯರಿದ್ದರೆ ಅಂಗಡಿಗೆ ಬಂದು ಹೇಳಿದರೂ ಸಾಕು, ನಾವೇ ಬರೆದುಕೊಳ್ಳುತ್ತೇವೆ.

---

ಇನ್ನೆರಡು ಮಾತು

ಭಾನುವಾರ 14ರಂದು ಬೆಳಿಗ್ಗೆ 11ಕ್ಕೆ ಮಕ್ಕಳಿಗೆ ಕಥೆ. ಆರರಿಂದ ಹತ್ತು ವರ್ಷದವರಿಗೆ. ಹೆಸರು ಕೊಡುವುದು ಬೇಡ, ಸುಮ್ನೆ ಕರೆದುಕೊಂಡು ಬನ್ನಿ. ಚಾಪೆ ಹಾಕಿರುತ್ತೇವೆ.

ಯಾವುದಾದರೂ ಪುಸ್ತಕ ಹುಡುಕುತ್ತಿದ್ದೀರಾ? ಹೆಸರು ನೆನಪಿಲ್ಲದಿದ್ದರೂ ಪರವಾಗಿಲ್ಲ, ಕಥೆ ಹೇಳಿ. [ ವಾಟ್ಸಾಪ್ ಮಾಡಿ ]

---

ಅಂಗಡಿ ಬೆಳಿಗ್ಗೆ 10ರಿಂದ ರಾತ್ರಿ 8ರವರೆಗೆ. ಸೋಮವಾರ ರಜೆ.
ಮೆಟ್ರೋದಲ್ಲಿ ಬರುವವರು ಹಸಿರು ಮಾರ್ಗದಲ್ಲಿ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದು ನಡೆದು ಬನ್ನಿ. ಶನಿವಾರ ಬಜಾರಿನಲ್ಲಿ ಕಾರು ನಿಲ್ಲಿಸುವುದು ಕಷ್ಟ. ಪುಸ್ತಕವನ್ನು ಮಾತ್ರ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತನ್ನಿ.

ಈ ಪತ್ರ ತಿಂಗಳಿಗೆ ಒಂದೇ ಸಲ ಬರುತ್ತದೆ. ನೀವು ಅಂಗಡಿಯಲ್ಲಿ ಇಮೇಲ್ ಬರೆದುಕೊಟ್ಟಿದ್ದರಿಂದ ಕಳಿಸಿದ್ದೇವೆ. ಬೇಡವಾದರೆ ಒಂದೇ ಒತ್ತಿಗೆ ನಿಲ್ಲುತ್ತದೆ: [ ಪತ್ರ ನಿಲ್ಲಿಸಿ ]