ಪರಿಚಯ: ಕಾಂಕ್ರೀಟ್ ಪಾಠ, ಸಂಶೋಧನೆ, ಸೈಟ್ ಸಲಹೆ

ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಸಿವಿಲ್ ವಿಭಾಗದ ಸಹ ಪ್ರಾಧ್ಯಾಪಕ ನಾನು. ಪಾಠ ಮಾಡಲು ಶುರುಮಾಡಿ 17 ವರ್ಷ. ವಿಷಯ ಕಾಂಕ್ರೀಟ್, ಅದರಲ್ಲೂ ಎಂ-ಸ್ಯಾಂಡ್ ಹಾಕಿದ ಕಾಂಕ್ರೀಟ್.

ಹೊಳೆ ಮರಳು ಸಿಗುವುದು ಕಷ್ಟವಾದ ಮೇಲೆ ನಮ್ಮ ಕಡೆಯ ಸೈಟ್‌ಗಳಿಗೆ ಕ್ರಷರ್ ಮರಳೇ ಜಾಸ್ತಿ ಬರುತ್ತದೆ. ಎಂ-ಸ್ಯಾಂಡ್ ಎಂದು ಬಿಲ್ ಹಾಕಿದ ಲೋಡ್‌ನಲ್ಲಿ ಕೆಲವೊಮ್ಮೆ ಬರೀ ಕಲ್ಲುಪುಡಿ ಇರುತ್ತದೆ. ನನ್ನ ಕೆಲಸವೆಲ್ಲ ಈ ಪುಡಿಯ ಸುತ್ತಲೇ.

ಮೂರು ವರ್ಷದ ಹಿಂದೆ ಒಂದು ವಸತಿ ಕಟ್ಟಡದ ಎಂ25 ಕ್ಯೂಬ್‌ಗಳು 28 ದಿನವಾದರೂ 19 ಎನ್‌/ಎಂಎಂ² ದಾಟಲಿಲ್ಲ. ಎಲ್ಲರೂ ಸಿಮೆಂಟನ್ನೇ ಬೈಯುತ್ತಿದ್ದರು. ನಾನು ಹೋಗಿ ಮರಳಿನ ರಾಶಿಗೆ ಕೈ ಹಾಕಿದೆ, ಅಂಗೈ ಬೆಳ್ಳಗಾಯಿತು. 75 ಮೈಕ್ರಾನ್ ಜರಡಿಯಲ್ಲಿ ತೊಳೆದರೆ ಶೇ 22ರಷ್ಟು ಇಳಿದುಹೋಯಿತು. ಕ್ರಷರ್ ಮರಳಿಗೆ ಐಎಸ್ 383 ಒಪ್ಪುವುದು ಶೇ 15ರವರೆಗೆ. ಪುಡಿ ಜಾಸ್ತಿಯಾದರೆ ನೀರು ಎಳೆಯುತ್ತದೆ, ಮಾಲು ಬಿಗಿಯಾಗುತ್ತದೆ, ಮೇಸ್ತ್ರಿ ಇನ್ನೊಂದು ಬಕೆಟ್ ನೀರು ಸುರಿಯುತ್ತಾರೆ. ಅವರದೇನು ತಪ್ಪು, ಅಲ್ವಾ? ಮರಳು ಬದಲಿಸಿ, ಸ್ಲಂಪ್ ನೋಡಿ ಅಡ್ಮಿಕ್ಸ್ಚರ್ ಪ್ರಮಾಣ ಗೊತ್ತುಮಾಡಿ, ನೀರು ಅಳೆದು ಹಾಕಿಸಿದೆವು. ಆಮೇಲಿನ ಕ್ಯೂಬ್‌ಗಳು 32ರ ಆಸುಪಾಸಿನಲ್ಲಿ ನಿಂತವು.

ಅದೇ ರಾಶಿಯಿಂದ ಎರಡು ಚೀಲ ಲ್ಯಾಬಿಗೆ ತಂದಿದ್ದೆ. ಈಗಲೂ ಐದನೇ ಸೆಮಿಸ್ಟರ್‌ನವರ ಮೊದಲ ಪ್ರಯೋಗಕ್ಕೆ ಅಂಥದ್ದೇ ಮರಳು. ಉತ್ತರ ಮೊದಲೇ ಹೇಳುವುದಿಲ್ಲ. ನನ್ನ ಪಿಎಚ್‌.ಡಿ ವಿದ್ಯಾರ್ಥಿನಿಯೊಬ್ಬರ ವಿಷಯವೂ ಅಲ್ಲಿಂದಲೇ ಹುಟ್ಟಿತು. ವಿಟಿಯು ಅಡಿಯಲ್ಲಿ ನನ್ನ ಮಾರ್ಗದರ್ಶನದಲ್ಲಿ ಇಬ್ಬರು ಪದವಿ ಪಡೆದಿದ್ದಾರೆ, ಮೂವರು ಕೆಲಸ ಮಾಡುತ್ತಿದ್ದಾರೆ. ಐದಕ್ಕಿಂತ ಹೆಚ್ಚು ಜನರನ್ನು ಒಟ್ಟಿಗೆ ತೆಗೆದುಕೊಳ್ಳುವುದಿಲ್ಲ. ಕ್ಯೂಬ್ ಒಡೆಯುವ ದಿನ ನಾನೂ ಪಕ್ಕದಲ್ಲಿರಬೇಕು.

ಪ್ರಕಟವಾದ ಪ್ರಬಂಧಗಳು 14. ಓದಿ ಎಂದು ಕೊಡುವಂಥವು ನಾಲ್ಕು. ಅದರಲ್ಲಿ ಒಂದು ಮೊದಲ ಸಲ ವಾಪಸ್ ಬಂದಿತ್ತು, 28 ದಿನದ ಫಲಿತಾಂಶ ಸಾಲದು ಎಂದು. ಬೇಜಾರಾಯಿತು, ಆದರೆ ಪರಿಶೀಲಕರ ಮಾತು ಸರಿಯಿತ್ತು. ಒಂದು ವರ್ಷ ಕಾದು 365 ದಿನದ ಅಂಕಿ ಸೇರಿಸಿ ಕಳಿಸಿದೆವು. ವಿದ್ಯಾರ್ಥಿ ಮಾಡಿದ ಕೆಲಸಕ್ಕೆ ವಿದ್ಯಾರ್ಥಿಯ ಹೆಸರೇ ಮೊದಲು.

ರೆಡಿಮಿಕ್ಸ್ ಘಟಕಗಳಿಗೆ ಐಎಸ್ 10262 ಪ್ರಕಾರ ಮಿಕ್ಸ್ ಡಿಸೈನ್, ಕ್ರಷರ್‌ಗಳಿಗೆ ಮರಳಿನ ಗುಣಮಟ್ಟ ತಪಾಸಣೆ, ಸೈಟ್ ಎಂಜಿನಿಯರ್‌ಗಳಿಗೆ ಎರಡು ದಿನದ ತರಬೇತಿ ಮಾಡಿಕೊಡುತ್ತೇನೆ. ಮೇಸ್ತ್ರಿಗಳಿಗಾದರೆ ಅರ್ಧ ದಿನ ಸಾಕು. ಅದು ಸೈಟ್‌ನಲ್ಲೇ, ಕನ್ನಡದಲ್ಲೇ, ಬಾಣಲಿ ಹಿಡಿದು. ಅತಿಥಿ ಉಪನ್ಯಾಸಕ್ಕೆ ಕರೆದರೆ ಆರು ಶನಿವಾರದ ಪಾಠಕ್ರಮವೊಂದು ಸಿದ್ಧವಿದೆ.

ಸಲಹೆಗೆ ಸಿಗುವುದು ಶನಿವಾರ ಮತ್ತು ಸೆಮಿಸ್ಟರ್ ರಜೆಯಲ್ಲಿ. ಕೆಲಸ ಕಾಲೇಜಿನ ಅನುಮತಿಯ ಮೇಲೆ, ಶುಲ್ಕವೂ ಕಾಲೇಜಿನ ಮೂಲಕವೇ. ನಾನೇ ಸ್ಯಾಂಪಲ್ ತೆಗೆಯದ ಮರಳಿನ ವರದಿಗೆ ಸಹಿ ಹಾಕುವುದಿಲ್ಲ. ಇದರಿಂದ ಒಂದೆರಡು ಕೆಲಸ ಕೈತಪ್ಪಿದ್ದೂ ಉಂಟು. ಕರೆಯುವ ಮುಂಚೆ ನಿಮ್ಮ ಕೊನೆಯ ಮೂರು ತಿಂಗಳ ಕ್ಯೂಬ್ ರಿಜಿಸ್ಟರ್ ಕಳಿಸಿ, ಫೇಲ್ ಆದವೂ ಸೇರಿ.