ಮಳೆಗಾಲದ ರಿಪೇರಿ ಮೀಟಿಂಗ್‌ನ ನಡಾವಳಿ

ಮೀಟಿಂಗ್: ಶನಿವಾರ, 24 ಮೇ 2025, ಸಂಜೆ 4ರಿಂದ 5:10
ಸ್ಥಳ: ಐಸ್ ಪ್ಲಾಂಟ್ ಆಫೀಸು, ಮಲ್ಪೆ
ಇದ್ದವರು: ಸದಾಶಿವಣ್ಣ, ಹರೀಶಣ್ಣ (ಆಪರೇಟರ್), ರಾಘು (ಫಿಟ್ಟರ್), ರಾಜೇಶ (ಎಲೆಕ್ಟ್ರಿಷಿಯನ್), ಬಾಬಣ್ಣ (ಕ್ಯಾನ್ ಮತ್ತು ಲೋಡಿಂಗ್), ಇಬ್ರಾಹಿಂ (ಗಾಡಿ), ಲವೀನಾ (ಲೆಕ್ಕ), ವಿನುತಾ
ಬರೆದದ್ದು: ವಿನುತಾ, ಸೋಮವಾರ, 26 ಮೇ, ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ.

ಶನಿವಾರ ಮೀಟಿಂಗ್ ಮುಗಿದ ಮೇಲೆ ವೈಟ್‌ಬೋರ್ಡಿನ ಫೋಟೋ ತೆಗೆದಿದ್ದೆ. ಅದನ್ನು ನೋಡಿ ಇದನ್ನು ಬರೆದಿದ್ದೇನೆ. ನಾವು ಮಾತಾಡಿದ್ದು ತುಳುವಿನಲ್ಲಿ, ಬೋರ್ಡಿಗೆ ಹತ್ತಿದ್ದು ಕನ್ನಡ, ಇಂಗ್ಲಿಷ್ ಎರಡೂ ಬೆರೆತ ಅರ್ಧರ್ಧ ಮಾತು. ಅದರ ಮೇಲೆ ಟ್ಯೂಬ್‌ಲೈಟಿನ ಬೆಳಕು ಬಿದ್ದು ಬಲಗಡೆಯ ಮೂಲೆ ಪೂರ್ತಿ ಬೆಳ್ಳಗಾಗಿದೆ. ಓದಲು ಆಗದ ಕಡೆ ನಾನು ಊಹೆ ಮಾಡಲಿಲ್ಲ. ಸಂಬಂಧಪಟ್ಟವರಿಗೆ ಫೋನ್ ಮಾಡಿ ಕೇಳಿದ್ದೇನೆ. ಹಾಗೆ ಕೇಳಿ ಸೇರಿಸಿದ್ದಕ್ಕೆ ಅಥವಾ ಬದಲಿಸಿದ್ದಕ್ಕೆ ಪಟ್ಟಿಯಲ್ಲಿ ★ ಗುರುತು ಇದೆ. ಗುರುತು ಇಲ್ಲದ್ದು ಬೋರ್ಡಿನಲ್ಲಿ ಇದ್ದ ಹಾಗೆಯೇ.

ಒಂದು ಕೆಲಸಕ್ಕೆ ಒಂದೇ ಹೆಸರು ಹಾಕಿದ್ದೇನೆ. ಬೋರ್ಡಿನಲ್ಲಿ ನಾಲ್ಕು ಕಡೆ "ಎಲ್ಲರೂ" ಅಂತ ಇತ್ತು. ಕಳೆದ ವರ್ಷವೂ ಕಂಡೆನ್ಸರ್ ಕ್ಲೀನಿಂಗ್ ಎದುರು "ಎಲ್ಲರೂ" ಅಂತಲೇ ಇತ್ತು, ಆಗಸ್ಟ್ ಬಂದರೂ ಅದು ಆಗಿರಲಿಲ್ಲ. ಹೆಸರು ಇದ್ದವರೇ ಎಲ್ಲ ಮಾಡಬೇಕು ಅಂತಲ್ಲ. ಆಯಿತಾ ಇಲ್ಲವಾ ಅಂತ ಕೇಳಿದರೆ ಅವರು ಹೇಳಬೇಕು, ಅಷ್ಟೇ.

ಇವತ್ತೇ ಆಗಬೇಕಾದ್ದು ಎರಡು

ಮೊದಲನೆಯದು ಮಾಡಿನ ಶೀಟ್. ಬೋರ್ಡಿನಲ್ಲಿ "ಶೀಟ್ 14, ಮೇ 31" ಅಂತ ಇದೆ. ಜೂನ್ ಒಂದಕ್ಕೆ ಮಳೆ ಶುರುವಾಗುತ್ತದೆ ಅನ್ನುವ ಲೆಕ್ಕದಲ್ಲಿ ಹಾಕಿದ ದಿನ ಅದು. ಆದರೆ ನಾವು ಮೀಟಿಂಗ್ ಮಾಡಿದ ದಿನವೇ ಮುಂಗಾರು ಕೇರಳಕ್ಕೆ ಬಂತು, ಎಂಟು ದಿನ ಮುಂಚೆ. ನಿನ್ನೆ ಸಂಜೆ ನಾನು ಕಂಪ್ರೆಸರ್ ರೂಮಿಗೆ ಹೋಗಿ ನೋಡಿದೆ. ಪ್ಯಾನೆಲ್ ಬೋರ್ಡಿನಿಂದ ಎರಡು ಗೇಣು ದೂರದಲ್ಲಿ ಗೋಡೆ ಒದ್ದೆಯಾಗಿದೆ. ಕೆಳಗೆ ಯಾರೋ ಇಟ್ಟ ಬಕೆಟ್ ಅರ್ಧ ತುಂಬಿತ್ತು. ರಾಜೇಶನಿಗೂ ಸದಾಶಿವಣ್ಣನಿಗೂ ಆಗಲೇ ಫೋನ್ ಮಾಡಿದೆ. ಇವತ್ತು ಟಾರ್ಪಾಲು ಕಟ್ಟುವುದು, ಬುಧವಾರದೊಳಗೆ ಪ್ಯಾನೆಲ್ ಮೇಲಿನ 4 ಶೀಟ್ ಬದಲಿಸುವುದು, ಉಳಿದ 10ಕ್ಕೆ ಮೇ 31 ಹಾಗೇ ಇರಲಿ ಅಂತ ಸದಾಶಿವಣ್ಣ ಹೇಳಿದ್ದಾರೆ.

ಎರಡನೆಯದು ಒಡಿಶಾದ ಹುಡುಗರ ವಾಪಸ್ ಟಿಕೆಟ್. ಹನ್ನೊಂದು ಜನ ಊರಿಗೆ ಹೋಗುತ್ತಾರೆ, ಜುಲೈ 25ಕ್ಕೆ ಅಲ್ಲಿಂದ ಹೊರಡಬೇಕು. ಬೋರ್ಡಿನಲ್ಲಿ "ಟಿಕೆಟ್ - ಜೂನ್" ಅಂತ ಮಾತ್ರ ಇತ್ತು. ರೈಲಿನ ಟಿಕೆಟ್ ಈಗ 60 ದಿನ ಮುಂಚೆ ತೆರೆಯುತ್ತದೆ, ಮೊದಲಿನ ಹಾಗೆ 120 ದಿನ ಅಲ್ಲ. ಲೆಕ್ಕ ಹಾಕಿದರೆ ಜುಲೈ 25ರ ಬುಕಿಂಗ್ ತೆರೆಯುವುದು ಇವತ್ತೇ ಬೆಳಿಗ್ಗೆ 8ಕ್ಕೆ. ಲವೀನಾಗೆ ನಿನ್ನೆ ರಾತ್ರಿಯೇ ಹೇಳಿದೆ, ಅವಳು ಎಂಟಕ್ಕೆ ಮೊದಲೇ ಆಫೀಸಿಗೆ ಬಂದು ಕೂತಿದ್ದಾಳೆ. ಜೂನ್‌ವರೆಗೆ ಕಾದಿದ್ದರೆ ಹನ್ನೊಂದು ಜನರೂ ವೆಯ್ಟಿಂಗ್ ಲಿಸ್ಟಿನಲ್ಲಿ ಇರುತ್ತಿದ್ದರು.

ಏನು ತೀರ್ಮಾನ ಆಯಿತು

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಬೋಟುಗಳಿಗೆ ರಜೆ. ಆದರೆ ಪ್ಲಾಂಟ್ ಪೂರ್ತಿ ನಿಲ್ಲಿಸುವುದಿಲ್ಲ. ನಾಡದೋಣಿಯವರು ಮಳೆಗಾಲದಲ್ಲೂ ಕಡಲಿಗೆ ಇಳಿಯುತ್ತಾರೆ, ಅವರಿಗೆ ಐಸ್ ಬೇಕು. ಹಾಗಾಗಿ ಒಂದು ಟ್ಯಾಂಕ್ ಬಿಚ್ಚಿದಾಗ ಇನ್ನೊಂದು ಓಡಬೇಕು.

ಇಲ್ಲಿ ಬೋರ್ಡ್ ನನ್ನನ್ನು ಗಲಿಬಿಲಿ ಮಾಡಿತು. "1" ಮತ್ತು "2" ನಡುವೆ ಬಾಣ ಇದೆ, ಮೇಲೆ "ಜೂನ್" ಅಂತ ಇದೆ. ಆದರೆ ಬಾಣದ ತಲೆ ಯಾರದೋ ತೋಳು ತಾಗಿ ಅಳಿಸಿದೆ. ಯಾವುದು ಮೊದಲು ಅಂತ ಫೋಟೋದಲ್ಲಿ ಗೊತ್ತಾಗುವುದಿಲ್ಲ. ಹರೀಶಣ್ಣನನ್ನು ಕೇಳಿದೆ. ಜೂನಿನಲ್ಲಿ 1ನೇ ಟ್ಯಾಂಕ್ ರಿಪೇರಿ, 2ನೇದು ಓಡುತ್ತದೆ. ಜುಲೈಯಲ್ಲಿ ಅದಲು ಬದಲು. 1ನೇ ಟ್ಯಾಂಕಿನ ಕಾಯಿಲ್ ಹಳೆಯದು, ಕೆಲಸ ಜಾಸ್ತಿ ಬಂದರೆ ಕೈಯಲ್ಲಿ ಇನ್ನೊಂದು ತಿಂಗಳು ಇರಲಿ ಅಂತ ಅವರ ಲೆಕ್ಕ.

ಎರಡೂ ಟ್ಯಾಂಕ್ ಒಟ್ಟಿಗೆ ಶುರು ಮಾಡುವ ದಿನ ಬೋರ್ಡಿನಲ್ಲಿ ಜುಲೈ 28. ಹರೀಶಣ್ಣ ಅದನ್ನು ಒಪ್ಪಲಿಲ್ಲ. ಟ್ಯಾಂಕಿನ ಉಪ್ಪುನೀರು, ಅಂದರೆ ಬ್ರೈನ್, ತಣ್ಣಗಾಗಿ, ಮೊದಲ ಐಸ್ ಗಟ್ಟಿಯಾಗಿ ಹೊರಗೆ ಬರಲು ಎರಡು ಮೂರು ದಿನ ಬೇಕು. ನಡುವೆ 29ಕ್ಕೆ ನಾಗರಪಂಚಮಿ, ಅವತ್ತು ಅರ್ಧ ಜನ ತನು ಹಾಕಲು ಮೂಲಸ್ಥಾನಕ್ಕೆ ಹೋಗಿರುತ್ತಾರೆ. ಬೋಟಿನವರು 30ಕ್ಕೇ ಐಸಿಗೆ ಬಂದು ನಿಲ್ಲುತ್ತಾರೆ. ಹಾಗಾಗಿ ಶುರು ಮಾಡುವುದು ಶನಿವಾರ, ಜುಲೈ 26. ಸದಾಶಿವಣ್ಣ ಒಪ್ಪಿದ್ದಾರೆ.

ಕ್ಯಾನ್ ಲೆಕ್ಕ: ಬೋರ್ಡಿನಲ್ಲಿ ತೂತು ಬಿದ್ದ ಕ್ಯಾನ್‌ಗಳ ಸಂಖ್ಯೆಯ ಮೊದಲ ಅಂಕೆ ಬೆಳಕಿನಲ್ಲಿ ಮುಚ್ಚಿಹೋಗಿದೆ, ಕೊನೆಯ 7 ಮಾತ್ರ ಕಾಣುತ್ತದೆ. 17 ಆದರೆ ಒಂದು ವಾರದ ವೆಲ್ಡಿಂಗ್, 77 ಆದರೆ ಹೊಸ ಕ್ಯಾನ್‌ಗೇ ಆರ್ಡರ್ ಕೊಡಬೇಕು. ಬಾಬಣ್ಣನೂ ನಾನೂ ನಿನ್ನೆ ಸಂಜೆ ಟ್ಯಾಂಕ್ ಮೇಲೆ ಸಾಲು ಸಾಲಾಗಿ ನಡೆದು ಚಾಕ್‌ನಲ್ಲಿ ಅಡ್ಡಗೀಟು ಹಾಕಿದವನ್ನು ಎಣಿಸಿದೆವು. 47. ಬಾಬಣ್ಣ ಒಂದು ಬ್ಲಾಕ್ ಒಡೆದು ತೋರಿಸಿದರು. ಹೊರಗೆ ಗಾಜಿನ ಹಾಗೆ ಗಟ್ಟಿ, ನಡುವೆ ಬೆರಳು ಇಳಿಯುವಷ್ಟು ಮೆತ್ತಗೆ, ನಾಲಿಗೆಗೆ ಉಪ್ಪು. ಬ್ರೈನ್ ಒಳಗೆ ಹೋದರೆ ಆಗುವುದು ಇದೇ. ಇಂಥ ಐಸ್ ಹಾಕಿಕೊಂಡು ಹೋದ ಬೋಟಿನಲ್ಲಿ ಮೀನು ಉಳಿಯುವುದಿಲ್ಲ. 47ರಲ್ಲಿ 12 ಕ್ಯಾನ್ ತಳ ಪೂರ್ತಿ ತಿಂದುಹೋಗಿದೆ, ಅದನ್ನು ಬಿಟ್ಟು ಉಳಿದ 35 ವೆಲ್ಡಿಂಗ್‌ಗೆ ಕೊಡಬಹುದು ಅಂತ ಬಾಬಣ್ಣನ ಅಭಿಪ್ರಾಯ.

ಅಮೋನಿಯಾ ವಿಷಯ

ಬೋರ್ಡಿನಲ್ಲಿ "ಸೇಫ್ಟಿ" ಅಂತ ಒಂದೇ ಶಬ್ದ ಇದೆ, ಅಡಿಗೆರೆ ಎರಡು ಸಲ. ಮಾತಾಡಿದ್ದು ಹತ್ತು ನಿಮಿಷ. ಅದನ್ನು ಇಲ್ಲಿ ಬಿಡಿಸಿ ಬರೆಯುತ್ತೇನೆ, ಏಕೆಂದರೆ ಮೀಟಿಂಗಿಗೆ ಬಾರದ ಹೆಲ್ಪರ್‌ಗಳೂ ಇದನ್ನು ಓದಬೇಕು.

1ನೇ ಟ್ಯಾಂಕಿನ ಕಾಯಿಲ್ ಬಿಚ್ಚುವ ಮೊದಲು ಅದರಲ್ಲಿರುವ ಅಮೋನಿಯಾ ಪೂರ್ತಿ ರಿಸೀವರಿಗೆ ಎಳೆದು, ವಾಲ್ವ್ ಮುಚ್ಚಿ, ಅದಕ್ಕೆ ಬೀಗ ಹಾಕಬೇಕು. ಬೀಗದ ಕೀ ಹರೀಶಣ್ಣನ ಕಿಸೆಯಲ್ಲಿ, ಬೇರೆ ಯಾರ ಹತ್ತಿರವೂ ಅಲ್ಲ. ಗೇಜ್ ಸೊನ್ನೆ ತೋರಿಸುತ್ತದೆ ಅಂತ ಸ್ಪ್ಯಾನರ್ ಹಾಕುವ ಹಾಗಿಲ್ಲ. ಕಾಯಿಲ್‌ನಲ್ಲಿ ಆಯಿಲ್ ಜೊತೆ ಸ್ವಲ್ಪ ಅಮೋನಿಯಾ ಉಳಿದಿರುತ್ತದೆ. ಫ್ಲೇಂಜ್ ಸಡಿಲಿಸುವಾಗ ಇಬ್ಬರು ಇರಬೇಕು, ಇಬ್ಬರಿಗೂ ಮಾಸ್ಕ್, ಕೈಗವಸು. ನೀರಿನ ಪೈಪ್ ತೆರೆದೇ ಇರಬೇಕು, ಅಮೋನಿಯಾ ನೀರಿನಲ್ಲಿ ಬೇಗ ಕರಗುತ್ತದೆ. ಗಾಳಿ ಯಾವ ಕಡೆಗೆ ಬೀಸುತ್ತಿದೆ ನೋಡಿ, ಅದಕ್ಕೆ ಎದುರಾಗಿ ನಡೆದು ಹೊರಗೆ ಬರಬೇಕು. ವಾಪಸ್ ಜೋಡಿಸಿದ ಮೇಲೆ ಪ್ರತಿ ಜಾಯಿಂಟ್ ಹತ್ತಿರ ಗಂಧಕದ ಕಡ್ಡಿ ಹಿಡಿದು ನೋಡುವುದು. ಬಿಳಿ ಹೊಗೆ ದಟ್ಟವಾಗಿ ಎದ್ದರೆ ಲೀಕ್ ಇದೆ ಅಂತ ಅರ್ಥ.

ರಾಘು ಹೇಳಿದ ಒಂದು ಮಾತು ಬೋರ್ಡಿಗೆ ಹತ್ತಲಿಲ್ಲ. ಇರುವ ಮೂರು ಮಾಸ್ಕಿನಲ್ಲಿ ಎರಡರ ಫಿಲ್ಟರ್ ಅವಧಿ ಮುಗಿದಿದೆ. ಅದನ್ನು ಪಟ್ಟಿಗೆ ಸೇರಿಸಿದ್ದೇನೆ. ಹೊಸ ಫಿಲ್ಟರ್ ಬಾರದೆ 1ನೇ ಟ್ಯಾಂಕಿನ ಕೆಲಸ ಶುರು ಆಗುವುದಿಲ್ಲ, ಇದನ್ನು ಸದಾಶಿವಣ್ಣನೇ ಹೇಳಿದ್ದು.

ಯಾರು, ಏನು, ಯಾವಾಗ

| ಕೆಲಸ | ಯಾರು | ಯಾವಾಗ |
|---|---|---|
| ಪ್ಯಾನೆಲ್ ಮೇಲೆ ಟಾರ್ಪಾಲು ★ | ರಾಜೇಶ | ಸೋಮ, ಮೇ 26 |
| 11 ಜನರ ವಾಪಸ್ ಟಿಕೆಟ್ ★ | ಲವೀನಾ | ಸೋಮ, ಮೇ 26, ಬೆಳಿಗ್ಗೆ 8 |
| ಪ್ಯಾನೆಲ್ ಮೇಲಿನ 4 ಶೀಟ್ ★ | ರಾಜೇಶ | ಬುಧ, ಮೇ 28 |
| ಮಾಸ್ಕ್ ಫಿಲ್ಟರ್ 2, ಗಂಧಕದ ಕಡ್ಡಿ ★ | ವಿನುತಾ | ಶುಕ್ರ, ಮೇ 30 |
| ಉಳಿದ 10 ಶೀಟ್ | ರಾಜೇಶ | ಶನಿ, ಮೇ 31 |
| 1ನೇ ಟ್ಯಾಂಕಿನ ಅಮೋನಿಯಾ ರಿಸೀವರಿಗೆ, ವಾಲ್ವ್‌ಗೆ ಬೀಗ ★ | ಹರೀಶಣ್ಣ | ಸೋಮ, ಜೂನ್ 2 |
| 35 ಕ್ಯಾನ್ ವೆಲ್ಡಿಂಗ್‌ಗೆ ಕಳಿಸುವುದು ★ | ಬಾಬಣ್ಣ | ಗುರು, ಜೂನ್ 5 |
| 12 ಹೊಸ ಕ್ಯಾನಿಗೆ ಎರಡು ಕಡೆ ರೇಟ್ ಕೇಳುವುದು ★ | ಲವೀನಾ | ಶುಕ್ರ, ಜೂನ್ 6 |
| ಎರಡು ಲಾರಿ ಎಫ್‌ಸಿ ★ | ಇಬ್ರಾಹಿಂ | ಸೋಮ, ಜೂನ್ 9 |
| ಕಂಡೆನ್ಸರ್ ಪಾಚಿ, ಕಲ್ಲು ತೆಗೆಯುವುದು ★ | ರಾಘು | ಶನಿ, ಜೂನ್ 14 |
| ಅರ್ಥಿಂಗ್ ಚೆಕ್, ನೆಲದ ಹತ್ತಿರದ ವೈರಿಂಗ್ ★ | ರಾಜೇಶ | ಶನಿ, ಜೂನ್ 21 |
| 1ನೇ ಟ್ಯಾಂಕ್ ಕಾಯಿಲ್, ಅಜಿಟೇಟರ್ ರಿಪೇರಿ ಮುಗಿಸುವುದು ★ | ರಾಘು | ಶನಿ, ಜೂನ್ 28 |
| 2ನೇ ಟ್ಯಾಂಕ್ ರಿಪೇರಿ ಮುಗಿಸುವುದು ★ | ರಾಘು | ಗುರು, ಜುಲೈ 24 |
| ಎರಡೂ ಟ್ಯಾಂಕ್ ಶುರು ★ | ಹರೀಶಣ್ಣ | ಶನಿ, ಜುಲೈ 26 |

ಪಟ್ಟಿಯ ಬಗ್ಗೆ ಎರಡು ಮಾತು ಹೇಳಬೇಕು.

ಕಂಡೆನ್ಸರ್ ಎದುರೂ ಅರ್ಥಿಂಗ್ ಎದುರೂ ಬೋರ್ಡಿನಲ್ಲಿ "ರಾ" ಅಂತ ಮಾತ್ರ ಇತ್ತು. ರಾಘುವೂ ರಾ, ರಾಜೇಶನೂ ರಾ. ಇಬ್ಬರನ್ನೂ ಕೇಳಿದೆ, ಇಬ್ಬರೂ ಅದು ಇನ್ನೊಬ್ಬನದು ಅಂದುಕೊಂಡಿದ್ದರು. ಈಗ ಕಂಡೆನ್ಸರ್ ರಾಘುವಿಗೆ, ಅರ್ಥಿಂಗ್ ರಾಜೇಶನಿಗೆ, ಇಬ್ಬರೂ ಹೂಂ ಅಂದಿದ್ದಾರೆ. ಮುಂದಿನ ಸಲ ಬೋರ್ಡಿನಲ್ಲಿ ಪೂರ್ತಿ ಹೆಸರು ಬರೆಯೋಣ.

ಲಾರಿಗಳ ಎಫ್‌ಸಿಗೆ ಜೂನ್ 7 ಅಂತ ಇತ್ತು. ಅವತ್ತು ಬಕ್ರೀದ್, ಆರ್‌ಟಿಒಗೂ ರಜೆ, ಇಬ್ರಾಹಿಂ ಮನೆಯಲ್ಲೂ ಹಬ್ಬ. ಸೋಮವಾರಕ್ಕೆ ಹಾಕಿದ್ದೇನೆ.

ತೀರ್ಮಾನ ಆಗದೆ ಉಳಿದದ್ದು

ನಾಡದೋಣಿಯವರಿಗೆ ಐಸ್ ರೇಟ್ ಎಷ್ಟು ಅನ್ನುವುದು. ಒಂದೇ ಟ್ಯಾಂಕ್ ಓಡುವಾಗ ಖರ್ಚು ಜಾಸ್ತಿ ಬೀಳುತ್ತದೆ ಅಂತ ಲವೀನಾ, ಮಳೆಗಾಲದಲ್ಲಿ ಅವರ ಹತ್ತಿರ ಜಾಸ್ತಿ ತೆಗೆದುಕೊಳ್ಳುವುದು ಸರಿಯಲ್ಲ ಅಂತ ಬಾಬಣ್ಣ. ಬೋರ್ಡಿನಲ್ಲಿ ಎರಡು ರೇಟ್ ಬರೆದು ಎರಡನ್ನೂ ಹೊಡೆದು ಹಾಕಿದೆ, ಹಾಗಾಗಿ ಇಲ್ಲಿ ಯಾವುದನ್ನೂ ಬರೆಯುತ್ತಿಲ್ಲ. ಸದಾಶಿವಣ್ಣ ಜೂನ್ 1ರ ಮೊದಲು ಹೇಳುತ್ತಾರೆ. ಅಲ್ಲಿಯವರೆಗೆ ಈಗಿನ ರೇಟೇ.

ಬೋರ್ಡಿನ ಕೆಳಗಡೆ ಎಡಮೂಲೆಯಲ್ಲಿ ಹಸಿರು ಪೆನ್ನಿನಲ್ಲಿ "ಪಂಪ್?" ಅಂತ ಇದೆ. ಯಾರು ಬರೆದದ್ದು ಅಂತ ಎಲ್ಲರನ್ನೂ ಕೇಳಿದೆ, ಯಾರಿಗೂ ನೆನಪಿಲ್ಲ. ಬರೆದವರು ನನಗೆ ಹೇಳಿ, ಸೇರಿಸುತ್ತೇನೆ.

ಹೆಸರಿನಲ್ಲೋ ತಾರೀಕಿನಲ್ಲೋ ತಪ್ಪಿದ್ದರೆ ನಾಳೆ, ಮಂಗಳವಾರ, ಸಂಜೆ 5ರೊಳಗೆ ಹೇಳಿ. ಆಮೇಲೆ ಇದನ್ನು ಪ್ರಿಂಟ್ ತೆಗೆದು ಕಂಪ್ರೆಸರ್ ರೂಮಿನ ಬಾಗಿಲಿಗೂ ಲೋಡಿಂಗ್ ಜಾಗಕ್ಕೂ ಅಂಟಿಸುತ್ತೇನೆ. ಅಮೋನಿಯಾ ಭಾಗವನ್ನು ಹಿಂದಿಯಲ್ಲಿ ಬರೆದು ಪಕ್ಕದಲ್ಲಿ ಹಾಕುತ್ತೇನೆ, ರಿಪೇರಿಗೆ ಇಲ್ಲೇ ಉಳಿಯುವ ಹೆಲ್ಪರ್ ಹುಡುಗರಿಗೆ ಕನ್ನಡ ಓದಲು ಬರುವುದಿಲ್ಲ. ಬೋರ್ಡ್ ಅಳಿಸಿಲ್ಲ, ಮಂಗಳವಾರದವರೆಗೆ ಯಾರೂ ಅಳಿಸಬೇಡಿ.

ಮುಂದಿನ ಮೀಟಿಂಗ್: ಶನಿವಾರ, ಜೂನ್ 28, ಸಂಜೆ 4ಕ್ಕೆ, 1ನೇ ಟ್ಯಾಂಕಿನ ಹತ್ತಿರವೇ. ರಾಘು ಕೆಲಸ ತೋರಿಸುತ್ತಾನೆ, ಅದಾದ ಮೇಲೆ ಆಫೀಸಿಗೆ ಬರೋಣ.

ವಿನುತಾ